ದುಡ್ಡು ಬಾರದ ಬಿಲ್ಲಿನ ತೆರಿಗೆ

ಸರಕು ಮಾರಿದವರಿಗೆ GST ತೆರಿಗೆ ಅಂಟಿಕೊಳ್ಳುವುದು ಬಿಲ್ ಹರಿದಾಗಲೇ ಹೊರತು ಹಣ ಕೈಸೇರಿದಾಗಲ್ಲ ಎಂಬುದನ್ನು ಬಳ್ಳಾರಿಯ ಉದ್ರಿ ವ್ಯಾಪಾರಿಗಳಿಗೆ ಒಪ್ಪಿಸುವುದೇ ನನ್ನ ತೆರಿಗೆ ಸಲಹೆಗಾರಿಕೆಯ ಮುಕ್ಕಾಲು ಪಾಲು ಕೆಲಸ. ನಮ್ಮ ಜೀನ್ಸ್ ಘಟಕದ ಸಾಹುಕಾರರು 2024ರ ಆಗಸ್ಟ್‌ನಲ್ಲಿ ಸೊಲ್ಲಾಪುರದ ಅಂಗಡಿಯೊಂದಕ್ಕೆ 3,00,000 ರೂಪಾಯಿಯ ಪ್ಯಾಂಟು ಕಳಿಸಿದರು. ಹೊರ ರಾಜ್ಯದ ಮಾರಾಟವಾದ್ದರಿಂದ 5% ದರದಲ್ಲಿ 15,000 ರೂಪಾಯಿ IGST ಆಯಿತು. ಸೆಪ್ಟೆಂಬರ್ 11ರೊಳಗೆ ಆ ಬಿಲ್ಲು ಮಾರಾಟದ ಪಟ್ಟಿಯಾದ GSTR-1ಕ್ಕೆ ಏರಿತು, ಅದರಿಂದಲೇ ತೆರಿಗೆ ಕಟ್ಟುವ ರಿಟರ್ನಾದ GSTR-3B ತಾನಾಗಿ ತುಂಬಿಕೊಂಡಿತು.

ಆಗ GST ಪೋರ್ಟಲ್ಲು ಆ ಅಂಕಿಯನ್ನು ತಿದ್ದಲು ಬಿಡುತ್ತಿತ್ತು. 20ರಂದು ಸಾಹುಕಾರರು ನನ್ನನ್ನು ಕೇಳದೆಯೇ ಮೂರು ಲಕ್ಷವನ್ನೂ ಅದರ ತೆರಿಗೆಯನ್ನೂ ಕಳೆದು 3B ಸಲ್ಲಿಸಿದ್ದರು. ಕೇಳಿದರೆ, "ಅವನು ರೊಕ್ಕಾನೇ ಕೊಟ್ಟಿಲ್ರಿ ಸರ್, ನಾ ಟ್ಯಾಕ್ಸ್ ಎಲ್ಲಿಂದ ಕಟ್ಟಲಿ?" ಎಂದರು. ಸೊಲ್ಲಾಪುರದವನಿಗಾದರೋ ಆ ಬಿಲ್ಲು ಖರೀದಿಯ ಪಟ್ಟಿಯಾದ GSTR-2Bಯಲ್ಲಿ ಕಾಣಿಸಿತ್ತು, ಖರೀದಿಯ ಮೇಲಿನ ತೆರಿಗೆಯನ್ನು ತನ್ನ ತೆರಿಗೆಯಲ್ಲಿ ಕಳೆದುಕೊಳ್ಳುವ ಹೂಡುವಳಿ ತೆರಿಗೆಯ ಲಾಭವನ್ನೂ ಅವನು ತೆಗೆದುಕೊಂಡಿದ್ದ. ಕೊಡದವನಿಗೆ ಲಾಭ, ಮಾರಿದವರಿಗೆ ಬಾಕಿ ಎಂಬುದು ಅವರಿಗೆ ಅನ್ಯಾಯವಾಗಿ ಕಂಡಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಆದರೆ GSTR-1ರಲ್ಲಿ ತಾವೇ ಒಪ್ಪಿಕೊಂಡ ತೆರಿಗೆಯನ್ನು ಇಲಾಖೆ ಷೋಕಾಸ್ ನೋಟಿಸಿಲ್ಲದೆಯೂ ವಸೂಲು ಮಾಡಬಹುದು ಎಂದಾಗ ಅವರ ಧ್ವನಿ ಸ್ವಲ್ಪ ಇಳಿಯಿತು.

ಮಾಡಬೇಕಾದದ್ದು ಸರಳವಾಗಿತ್ತು: ಮುಂದಿನ 3Bಯ 3.1(a) ಸಾಲಿನಲ್ಲಿ ಸೆಪ್ಟೆಂಬರ್‌ನ ಮಾರಾಟಕ್ಕೆ ಆಗಸ್ಟ್‌ನ 3,00,000 ರೂಪಾಯಿ ಮತ್ತು 15,000 ರೂಪಾಯಿ ತೆರಿಗೆಯನ್ನು ಸೇರಿಸಬೇಕು. ಬಡ್ಡಿಯನ್ನು ಬೇರೆಯಾಗಿ ತೋರಿಸಬೇಕು. ಬಿಲ್ಲನ್ನು ಮಾತ್ರ GSTR-1ರಲ್ಲಿ ಮತ್ತೆ ಹಾಕಬಾರದು. ಹೂಡುವಳಿ ತೆರಿಗೆಯ ಲಾಭದ ಖಾತೆಯಲ್ಲಿ ಇದಕ್ಕೆ ಏನೂ ಉಳಿಯದಿದ್ದುದರಿಂದ ಈ ತೆರಿಗೆಯನ್ನೂ ಬಡ್ಡಿಯನ್ನೂ ನಗದಾಗಿಯೇ ಕಟ್ಟಬೇಕಿತ್ತು. ಅಕ್ಟೋಬರ್ 20ರವರೆಗಿನ 30 ದಿನಗಳಿಗೆ ವರ್ಷಕ್ಕೆ 18%ರಂತೆ ಬಡ್ಡಿ 222 ರೂಪಾಯಿ. "ಊಟದ ಖರ್ಚು" ಎಂದು ಅವರು ಹಗುರಾದರು.

ಚಲನ್ ತೆಗೆಯುವ ಹೊಣೆ ಅವರ ಅಳಿಯನದು. ಆ ಪುಣ್ಯಾತ್ಮನು ಒಟ್ಟು 15,222 ರೂಪಾಯಿಯನ್ನು ನ್ಯಾಯವಾಗಿ ಇಬ್ಭಾಗಿಸಿ, ತಲಾ 7,611 ರೂಪಾಯಿಯಂತೆ ರಾಜ್ಯದೊಳಗಿನ ಮಾರಾಟಕ್ಕೆ ಸಲ್ಲುವ CGST ಮತ್ತು SGST ತಲೆಬರಹಗಳಡಿ, ಎಲ್ಲವನ್ನೂ ತೆರಿಗೆಯ ಕಾಲಮ್ಮಿಗೇ ತುಂಬಿದ. ಪೋರ್ಟಲ್ಲಿನ ನಗದು ಖಾತೆಯಲ್ಲಿ ಹಣ ಕಣ್ಣಿಗೆ ಕಾಣುತ್ತಿದ್ದರೂ IGST ಸಾಲು ಸೊನ್ನೆಯಾಗಿಯೇ ಕುಳಿತಿತ್ತು; ಬ್ಯಾಂಕಿನಿಂದ ಹಣ ಹೋಗಿದೆಯಲ್ಲ ಎಂದು ಅಳಿಯ, ಇನ್ನೊಮ್ಮೆ ಕಟ್ಟಬೇಕೇ ಎಂದು ಮಾವ. ಬೇಕಿರಲಿಲ್ಲ. PMT-09 ನಮೂನೆಯಲ್ಲಿ 15,000 ರೂಪಾಯಿಯನ್ನು IGSTಯ ತೆರಿಗೆಗೂ 222 ರೂಪಾಯಿಯನ್ನು ಅದರ ಬಡ್ಡಿಗೂ ವರ್ಗಾಯಿಸಿ, ಅದೇ ಸಂಜೆ 3B ಸಲ್ಲಿಸಿದೆವು.

ನವೆಂಬರ್‌ನಲ್ಲಿ ಸಾಹುಕಾರರು ಮತ್ತೆ ಫೋನು ಮಾಡಿದರು. ಪೋರ್ಟಲ್ಲಿನ ಹೋಲಿಕೆಯ ಪಟ್ಟಿಯಲ್ಲಿ ಸೆಪ್ಟೆಂಬರ್‌ನ ಸಾಲಿಗೆ 3B ತೆರಿಗೆ GSTR-1ಕ್ಕಿಂತ 15,000 ಹೆಚ್ಚಾಗಿದೆ, ಸರ್ಕಾರದಿಂದ ವಾಪಸ್ ತರಿಸಿ ಎಂದರು. ಆ ಪಟ್ಟಿಯನ್ನು ತಿಂಗಳಿಗೊಂದರಂತೆ ಓದದೆ, ವರ್ಷದ ಮೊದಲಿನಿಂದ ಕೂಡಿ ಬಂದ ಮೊತ್ತವನ್ನು ನೋಡಿ ಎಂದೆ. ಅಲ್ಲಿ ವ್ಯತ್ಯಾಸ ಸೊನ್ನೆಯಿತ್ತು. "ಹಂಗಾರೆ ಸೊಲ್ಲಾಪುರದವನ ಬಾಕಿ ಯಾವ ಫಾರಮ್ಮಿನಾಗ ಬರುತ್ರಿ?" ಎಂದು ಕೇಳಿದರು.