ಸ್ಲೈಡಿಗೆ ಎಷ್ಟು ಪದ? ಬಾಯಿಬಿಟ್ಟು ಓದಿ ನೋಡಿ

ಕರ್ನಾಟಕದ ಹೊರಗಿದ್ದುಕೊಂಡು ಕನ್ನಡದಲ್ಲಿ ಸ್ಲೈಡ್ ಮಾಡುವ ನಮ್ಮಂಥವರ ಕೈಗೆ ಸಿಗುವ ನಿಯಮಗಳೆಲ್ಲ ಇಂಗ್ಲಿಷಿನವು. ಅದರಲ್ಲಿ ಹೆಚ್ಚು ಚಾಲ್ತಿಯಲ್ಲಿರುವುದು ಆರಕ್ಕಾರರ ಲೆಕ್ಕ: ಸ್ಲೈಡಿಗೆ 6 ಸಾಲು, ಸಾಲಿಗೆ 6 ಪದ, ಒಟ್ಟು 36. ಇಂಗ್ಲಿಷಿನಲ್ಲಿ ನಿಮಿಷಕ್ಕೆ 150 ಪದದ ಸಾಧಾರಣ ವೇಗದಲ್ಲಿ ಬಾಯಿಬಿಟ್ಟು ಓದಿದರೆ ಇದು ಹದಿನಾಲ್ಕೂವರೆ ಸೆಕೆಂಡಿನೊಳಗೆ ಮುಗಿಯುತ್ತದೆ. ಕನ್ನಡದ 36 ಪದಕ್ಕೆ ಸುಮಾರು 24 ಸೆಕೆಂಡು ಬೇಕು. ತಾನಾಗಿಯೇ ಮುಂದೆ ಹೋಗುವ ಸ್ಲೈಡುಗಳಲ್ಲಿ, ಅಂದರೆ ಪರದೆಯ ಮೇಲೆ ಸುತ್ತು ಹಾಕುತ್ತಿರುವ ಸೂಚನೆಗಳಲ್ಲೋ ದನಿಯಿಲ್ಲದ ವಿಡಿಯೊದಲ್ಲೋ, ಈ ವ್ಯತ್ಯಾಸಕ್ಕೆ ಪರಿಹಾರವೇ ಇಲ್ಲ. ಓದುಗ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಸ್ಲೈಡ್ ಹೋಗಿರುತ್ತದೆ.

ಕಾರಣ ಎಲ್ಲರಿಗೂ ಗೊತ್ತಿರುವುದೇ. ನಮ್ಮಲ್ಲಿ ವಿಭಕ್ತಿ, ಕಾಲ, ‘ವರೆಗೂ’, ‘ಇಂದಲೇ’ ಎಲ್ಲವೂ ಪದದ ಬಾಲಕ್ಕೆ ಅಂಟಿಕೊಳ್ಳುತ್ತವೆ. ಪದ ಕಡಿಮೆ, ಪದದ ಉದ್ದ ಹೆಚ್ಚು. ಇದು ಗೊತ್ತಿದ್ದೂ ಲೆಕ್ಕ ಹಾಕುವಾಗ ಇಂಗ್ಲಿಷಿನ ಸಂಖ್ಯೆಯನ್ನೇ ಹಿಡಿಯುತ್ತೇವೆ.

ಒಂದು ಸ್ಲೈಡನ್ನೇ ತೆಗೆದುಕೊಳ್ಳೋಣ. ಶೀರ್ಷಿಕೆ: ‘ಬೆಂಕಿ ನಂದಿಸುವ ಸಿಲಿಂಡರ್ ಬಳಸುವ ವಿಧಾನ’. ಕೆಳಗೆ: ‘ಸುರಕ್ಷತಾ ಪಿನ್ ಎಳೆಯಿರಿ. ನಳಿಕೆಯನ್ನು ಬೆಂಕಿಯ ಬುಡಕ್ಕೆ ಗುರಿಯಿಡಿ. ಹಿಡಿಕೆಯನ್ನು ಒತ್ತಿ, ನಳಿಕೆಯನ್ನು ಎಡಬಲಕ್ಕೆ ಆಡಿಸುತ್ತಾ ಬೆಂಕಿ ಪೂರ್ತಿ ಆರುವವರೆಗೂ ಸಿಂಪಡಿಸಿ.’ ಒಟ್ಟು 21 ಪದ. ಆರಕ್ಕಾರರ ಲೆಕ್ಕದಲ್ಲಿ ಇದು ತೀರಾ ಹಗುರ. ಪಕ್ಕದಲ್ಲಿ ಒಂದು ಚಿತ್ರ, ಸ್ಲೈಡಿಗೆ ಕೊಟ್ಟ ಕಾಲ 15 ಸೆಕೆಂಡು. ಆತುರವಿಲ್ಲದೆ, ವಾಕ್ಯದ ಕೊನೆಯಲ್ಲಿ ಉಸಿರು ತೆಗೆದುಕೊಂಡು ಓದಿದರೆ ಸುಮಾರು 14 ಸೆಕೆಂಡು ಹಿಡಿಯುತ್ತದೆ. ಇದೇ ಸೂಚನೆ ಇಂಗ್ಲಿಷಿನಲ್ಲಿ 33 ಪದದಷ್ಟಾಗುತ್ತದೆ, ಓದಲು 13 ಸೆಕೆಂಡು. ಪದಗಳ ಸಂಖ್ಯೆಯಲ್ಲಿ ಅಷ್ಟು ಅಂತರವಿದ್ದರೂ ಕಾಲ ಹೆಚ್ಚುಕಡಿಮೆ ಒಂದೇ.

ಹದಿನಾಲ್ಕು ಹದಿನೈದರೊಳಗೇ ಇದೆಯಲ್ಲ ಎನಿಸಬಹುದು. ಆದರೆ ಹದಿನೈದೂ ಓದಿಗೆ ಸಿಗುವುದಿಲ್ಲ. ಹಿಂದಿನ ಸ್ಲೈಡ್ ಕರಗಿ ಇದು ಮೂಡಲು 1 ಸೆಕೆಂಡು, ಎಲ್ಲಿಂದ ಓದಬೇಕೆಂದು ಕಣ್ಣು ಹುಡುಕಲು ಇನ್ನೊಂದು, ಚಿತ್ರ ನೋಡಲು 3. ಉಳಿಯುವುದು 10. ಇಪ್ಪತ್ತೊಂದು ಪದಕ್ಕೆ 14 ಸೆಕೆಂಡು ಎಂದರೆ ಸೆಕೆಂಡಿಗೆ ಒಂದೂವರೆ ಪದ, ಹಾಗಾಗಿ ಹತ್ತು ಸೆಕೆಂಡಿಗೆ 15 ಪದ. ಆರು ಪದ ಹೋಗಬೇಕು.

ಇಲ್ಲೇ ಪದದ ಲೆಕ್ಕ ಇನ್ನೊಂದು ಬಗೆಯಲ್ಲಿ ಮೋಸ ಮಾಡುತ್ತದೆ. ‘ಬುಡಕ್ಕೆ ಇರಲಿ’ ಎಂಬುದನ್ನು ‘ಬುಡಕ್ಕಿರಲಿ’ ಮಾಡಿದರೆ ಒಂದು ಪದ ಕಡಿಮೆಯಾಗುತ್ತದೆ, ಬಾಯಿಗೆ ಉಳಿಯುವ ಸಮಯ ಮಾತ್ರ ನಗಣ್ಯ. ಹತ್ತು ಕಡೆ ಸಂಧಿ ಮಾಡಿ ‘ಮಿತಿಯೊಳಗೆ ತಂದೆವು’ ಎನ್ನುವವರಿದ್ದಾರೆ. ಗಡಿಯಾರ ಅದಕ್ಕೆ ಒಪ್ಪುವುದಿಲ್ಲ. ಹಾಗಾಗಿ ಕನ್ನಡದಲ್ಲಿ ಅಕ್ಷರ ಎಣಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಒತ್ತಕ್ಷರ ಸೇರಿ ಒಂದು ಗುಂಪಾಗಿ ಕಾಣುವುದೆಲ್ಲ ಒಂದು. ಮೇಲಿನ ಸ್ಲೈಡಿನಲ್ಲಿ 77 ಅಕ್ಷರಗಳಿವೆ, ಅಂದರೆ ಸೆಕೆಂಡಿಗೆ ಐದೂವರೆ. ಇದನ್ನು ಕೈಯಲ್ಲೇ ಎಣಿಸಬೇಕು. ಕಂಪ್ಯೂಟರ್ ತೋರಿಸುವ ಅಕ್ಷರಸಂಖ್ಯೆಯಲ್ಲಿ ಸಾಮಾನ್ಯವಾಗಿ ಸ್ವರಚಿಹ್ನೆಗೂ ಒತ್ತಿಗೂ ಬೇರೆ ಬೇರೆ ಅಂಕ ಬೀಳುತ್ತದೆ. ‘ರಾಷ್ಟ್ರ’ ನಮಗೆ 2 ಅಕ್ಷರ, ಯೂನಿಕೋಡ್ ಎಣಿಕೆಯಲ್ಲಿ 7.

ತಿದ್ದಿದ ಸ್ಲೈಡ್ ಹೀಗಾಗಬಹುದು: ‘ಬೆಂಕಿ ಬಿದ್ದರೆ: ಪಿನ್ ಎಳೆಯಿರಿ. ನಳಿಕೆ ಬೆಂಕಿಯ ಬುಡಕ್ಕೆ ಹಿಡಿಯಿರಿ. ಹಿಡಿಕೆ ಒತ್ತಿ, ಎಡಬಲಕ್ಕೆ ಬೀಸಿ. ಬೆಂಕಿ ಆರುವವರೆಗೂ ಬಿಡಬೇಡಿ.’ 15 ಪದ, 48 ಅಕ್ಷರ, ಸುಮಾರು 9 ಸೆಕೆಂಡು. ಹೋದದ್ದು ಏನು ನೋಡಿ: ಉದ್ದದ ಶೀರ್ಷಿಕೆ, ‘ಅನ್ನು’ ಪ್ರತ್ಯಯಗಳು, ಎರಡನೆಯ ಸಲ ಬಂದ ನಳಿಕೆ, ಚಿತ್ರವೇ ಹೇಳುವ ‘ಸುರಕ್ಷತಾ’. ಕೆಲಸದ ಮಾತು ಒಂದೂ ಹೋಗಿಲ್ಲ.

ಇನ್ನು ಓದುವ ಬಗೆ. ಸ್ಲೈಡನ್ನು ಪೂರ್ತಿ ಪರದೆಗೆ ತೆರೆದು ಓದಬೇಕು. ತಿದ್ದುವ ಕಿಟಕಿಯಲ್ಲಿ ಓದಿದರೆ ಚಿತ್ರದ ಕೆಳಗಿನ ಸಣ್ಣ ಬರಹ, ನಕ್ಷೆಯ ಹೆಸರುಗಳು ಕಣ್ಣು ತಪ್ಪುತ್ತವೆ. ಸ್ಟಾಪ್‌ವಾಚ್ ಕಣ್ಣೆದುರು ಇಟ್ಟುಕೊಂಡರೆ ಅದರ ಜೊತೆ ಓಟ ಶುರುವಾಗುತ್ತದೆ. ಅದಕ್ಕಿಂತ ಫೋನಿನಲ್ಲಿ ದನಿ ರೆಕಾರ್ಡ್ ಮಾಡಿ, ಆಮೇಲೆ ಮೊದಲ ಪದದಿಂದ ಕೊನೆಯ ಪದದವರೆಗಿನ ಕಾಲ ನೋಡುವುದು ಒಳ್ಳೆಯದು. ಪವರ್‌ಪಾಯಿಂಟ್‌ನ `Slide Show > Rehearse Timings` ಸಹ ಕಾಲ ಅಳೆಯುತ್ತದೆ, ಆದರೆ ನಾವು ತಡವರಿಸಿದ್ದು, ಕೆಮ್ಮಿದ್ದು, ಕ್ಲಿಕ್ ಮಾಡಲು ತಡವಾದದ್ದು ಎಲ್ಲವನ್ನೂ ಸೇರಿಸಿಯೇ. ಕೊನೆಯಲ್ಲಿ ಉಳಿಸಲೇ ಎಂದು ಕೇಳಿದಾಗ `Yes` ಒತ್ತಿದರೆ ಮೊದಲು ಕೊಟ್ಟಿದ್ದ ಕಾಲದ ಜಾಗದಲ್ಲಿ ಅದೇ ಕೂತುಬಿಡುತ್ತದೆ.

ಬರೆದವರೇ ಓದಿದರೆ ಒಂದು ತೊಂದರೆ ಉಂಟು. ಎರಡನೆಯ, ಮೂರನೆಯ ಓದಿಗೆ ಬಾಯಿಪಾಠವಾಗಿ ವೇಗ ಏರುತ್ತದೆ, ಕಾಲ ಸುಳ್ಳಾಗಿ ಇಳಿಯುತ್ತದೆ. ಹಾಗಾಗಿ ಸರಾಸರಿ ತೆಗೆಯಬಾರದು, ಎಲ್ಲಕ್ಕಿಂತ ನಿಧಾನದ ಓದನ್ನೇ ಹಿಡಿಯಬೇಕು. ಸ್ಲೈಡನ್ನು ಹಿಂದೆ ನೋಡಿರದ ಒಬ್ಬರಿಂದ ಓದಿಸಿದರೆ ಇನ್ನೂ ನಂಬಬಹುದು, ಮತ್ತು ಅವರು ಎಲ್ಲಿ ಎಡವಿ ಹಿಂದಕ್ಕೆ ಹೋದರು ಎಂಬುದು ಕಾಲಕ್ಕಿಂತ ಬೆಲೆಯುಳ್ಳ ಮಾಹಿತಿ. ಎಡವಿದ ಜಾಗದಲ್ಲಿ ಪದ ಕಡಿಮೆ ಮಾಡುವುದರಿಂದ ಪ್ರಯೋಜನವಿಲ್ಲ. ಅಲ್ಲಿ ಸಾಲು ಒಡೆದ ಕಡೆ ತಪ್ಪಾಗಿರುತ್ತದೆ ಅಥವಾ ಕ್ರಿಯಾಪದ ತೀರಾ ದೂರ ಹೋಗಿರುತ್ತದೆ.

ಅಂಕಿಗಳ ವಿಷಯದಲ್ಲಿ ಬಾಯಿ ಓದಿಗೆ ಸಮನಾದದ್ದಿಲ್ಲ. ‘1,48,500’ ಎಣಿಕೆಗೆ ಒಂದೇ ಪದ. ಬಾಯಲ್ಲಿ ಅದು ‘ಒಂದು ಲಕ್ಷ ನಲವತ್ತೆಂಟು ಸಾವಿರದ ಐನೂರು’. ಇಂಥ ನಾಲ್ಕು ಸಂಖ್ಯೆಗಳಿದ್ದರೆ ಆ ಸ್ಲೈಡಿನಲ್ಲಿ ಬೇರೆ ವಾಕ್ಯಕ್ಕೆ ಜಾಗವಿಲ್ಲ.

ಮನಸ್ಸಿನಲ್ಲಿ ಓದುವವರು ಬಾಯಿ ಓದಿಗಿಂತ ಬೇಗ ಮುಗಿಸುತ್ತಾರಲ್ಲ, ಇಷ್ಟು ಕಾಲ ಏಕೆ ಎಂದು ಕೇಳುವವರಿದ್ದಾರೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಆ ಮಾತು ನಿಜ. ಹೊರನಾಡಿನಲ್ಲಿ ಮನೆಮಾತಾಗಿ ಕನ್ನಡ ಬಂದು, ಲಿಪಿಯನ್ನು ತಡವಾಗಿ ಕಲಿತವರು ಒತ್ತಕ್ಷರ ಬಂದಾಗ ನಿಲ್ಲುತ್ತಾರೆ. ಅವರ ಮೌನ ಓದು ನಮ್ಮ ಬಾಯಿ ಓದಿಗಿಂತಲೂ ನಿಧಾನ. ಅಂಥವರೇ ಹೆಚ್ಚಿದ್ದರೆ ಬಾಯಿ ಓದಿನ ಕಾಲಕ್ಕೆ ಅರ್ಧದಷ್ಟು ಸೇರಿಸುತ್ತೇನೆ: 9 ಸೆಕೆಂಡಿನ ಓದಿಗೆ ಹದಿಮೂರೂವರೆ, ಮೇಲೆ ಚಿತ್ರಕ್ಕೂ ಪರಿವರ್ತನೆಗೂ 5, ಒಟ್ಟು ಹದಿನೆಂಟೂವರೆ. ಪರದೆಯ ಬರಹವನ್ನು ಎರಡು ಸಲ ಬಾಯಿಬಿಟ್ಟು ಓದುವಷ್ಟು ಹೊತ್ತು ನಿಲ್ಲಿಸುವ ರೂಢಿಯೂ ವಿಡಿಯೊ ಎಡಿಟರುಗಳಲ್ಲಿದೆ. ನಾಲ್ಕೈದು ಪದದ ಶೀರ್ಷಿಕೆಗೆ ಅದು ಚೆನ್ನ, ಹದಿನೈದು ಪದಕ್ಕೆ ಬೇಗ ಓದುವವರು ಬೇಸತ್ತು ಎದ್ದುಹೋಗುತ್ತಾರೆ.

ಎರಡು ಭಾಷೆಯ ಸ್ಲೈಡಿನಲ್ಲಿ ಎರಡೂ ಓದಿನ ಕಾಲ ಕೂಡಿಸುವುದು ಬೇಡ, ನಿಧಾನದ ಭಾಷೆಯದನ್ನು ಹಿಡಿದರೆ ಸಾಕು ಎನ್ನುತ್ತಾರೆ. ಒಂದನ್ನು ಮಾತ್ರ ಓದುವವರಿಗೆ ಸರಿ. ಕನ್ನಡದಲ್ಲಿ ಶುರುಮಾಡಿ, ಸಿಕ್ಕಿಕೊಂಡು, ಇಂಗ್ಲಿಷಿಗೆ ಇಳಿದು, ಮತ್ತೆ ಮೇಲೆ ಬರುವವರು ಎರಡನ್ನೂ ಓದುತ್ತಾರೆ. ಅವರು ನೋಡುಗರಾದರೆ ಭಾಷೆಗೊಂದು ಸ್ಲೈಡ್ ಮಾಡಿ, ಒಂದೊಂದನ್ನೂ ಬೇರೆಬೇರೆ ಓದಿ ಕಾಲ ಕೊಡುವುದೇ ಲೇಸು.