ಡಬ್ಬಿ ಕಳೆದರೆ ಹಸಿವೇ ಯಾಕೆ?

"ಎಂಟು ನಿಮಿಷದ ಕಿರುಚಿತ್ರ. ದಾವಣಗೆರೆ ಸರ್ಕಾರಿ ಶಾಲೆಗೆ ಸೇರಿದ ನೇಪಾಳಿ ಹುಡುಗಿ ಮೊದಲ ದಿನವೇ ಊಟದ ಡಬ್ಬಿ ಕಳೆದುಕೊಳ್ತಾಳೆ. ಬರೀ ಅಳುವ ಕಥೆ ಆಗ್ತಿದೆ, ಏನು ಮಾಡಲಿ?"

ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಇದೆ. ಹಾಗಾಗಿ ಡಬ್ಬಿ ಹೋದರೆ ಹುಡುಗಿ ಉಪವಾಸ ಬೀಳಲ್ಲ, ನೋಡುವವರಿಗೂ ಇದು ಗೊತ್ತು. ಹಸಿವು ಬಿಡಿ, ಮಾತು ಬಾರದಿರುವುದನ್ನೇ ಹಿಡಿಯಿರಿ. ಡಬ್ಬಿಯಲ್ಲಿ ಚಿಉರಾ ಇರಲಿ. ಅದು ನಮ್ಮ ಅವಲಕ್ಕಿಯೇ. ಏನು ಕಳೆಯಿತು ಅಂತ ಟೀಚರ್ ಕೇಳಿದಾಗ ಅವಳು "ಚಿಉರಾ" ಅಂತಾಳೆ, ಯಾರಿಗೂ ತಿಳಿಯಲ್ಲ. ಕೊನೆಗೆ ಡಬ್ಬಿ ಸಿಕ್ಕಿ ಮುಚ್ಚಳ ತೆಗೆದಾಗ ಪಕ್ಕದ ಹುಡುಗ "ಏ, ಅವಲಕ್ಕಿ ಕಣೇ!" ಅನ್ನಲಿ. ಅಲ್ಲಿಗೆ ಕಟ್ ಮಾಡಿ, ಅಪ್ಪುಗೆ ಗಿಪ್ಪುಗೆ ಬೇಡ.

ಡಬ್ಬಿ ಬೆಂಚಿನ ಹಿಂದೆ ಜಾರಿದ್ದನ್ನು ಎರಡನೇ ನಿಮಿಷದೊಳಗೇ ನಮಗೆ ತೋರಿಸಿ. ಅವಳಿಗೆ ಗೊತ್ತಾಗೋದು ಊಟದ ಬೆಲ್ ಹೊಡೆದಾಗ. ಇಬ್ಬರಿಗೂ ಒಟ್ಟಿಗೇ ತಿಳಿದರೆ ನಡುವಿನ ಪಾಠದ ದೃಶ್ಯಕ್ಕೆ ಬಿಗಿ ಇರಲ್ಲ. ನಿಮ್ಮ ಕಥೆ ಅಳುವಿನ ಮೇಲೆ ನಿಲ್ಲೋದು ಅದಕ್ಕೇ.

ಸ್ಟೀಲ್ ಮುಚ್ಚಳದಲ್ಲಿ ಕ್ಯಾಮೆರಾ ಕಾಣಿಸುತ್ತೆ. ತುಸು ವಾರೆ ಇಡಿ, ಸಾಲದಿದ್ದರೆ ಟಾಲ್ಕಂ ಪೌಡರ್ ತೆಳ್ಳಗೆ ಸವರಿ. ಒಂದೇ ಥರದ ಎರಡು ಡಬ್ಬಿ ಕೊಂಡು, ಎರಡಕ್ಕೂ ಒಂದೇ ಜಾಗದಲ್ಲಿ ನೆಗ್ಗು ಮಾಡಿಟ್ಟುಕೊಳ್ಳಿ.