ರಷ್ಯದ ಜನನ ಪತ್ರ, ಅಮೆರಿಕದ ಅರ್ಜಿ, ನಮ್ಮ ನೋಟರಿ ಮೋಹ

ರಷ್ಯಕ್ಕೆ ಎಂಬಿಬಿಎಸ್ ಓದಲು ಹೋದ ನಮ್ಮವರಲ್ಲಿ ಕೆಲವರು ಅಲ್ಲೇ ಸಂಸಾರ ಹೂಡಿ, ಮಗುವಾದ ಮೇಲೆ ಅಮೆರಿಕಕ್ಕೆ ಬರುತ್ತಾರೆ. ಗ್ರೀನ್ ಕಾರ್ಡ್ ಅರ್ಜಿಯ ಜೊತೆ ಮಗುವಿನ ಜನನ ಪತ್ರದ ಇಂಗ್ಲಿಷ್ ಅನುವಾದ ಇಡುತ್ತಾರೆ. ರಷ್ಯದ ನೋಟರಿಯ ಬಳಿ ಮಾಡಿಸಿದ್ದು, ದಾರ ಹಾಕಿ ಹೊಲಿದದ್ದು, ಗಂಟಿನ ಮೇಲೆ ಕಾಗದ ಅಂಟಿಸಿ ಸೀಲು ಒತ್ತಿದ್ದು. ಇಷ್ಟಾದರೂ ‘ಅನುವಾದ ಸರಿಯಿಲ್ಲ, ಮತ್ತೆ ಕಳಿಸಿ’ ಎಂಬ ಪತ್ರ ಬಂದರೆ ಯಾರಿಗೇ ಆಗಲಿ ಚುರುಕ್ ಎನ್ನುತ್ತದೆ.

ತಪ್ಪು ಅನುವಾದದ್ದೇ ಆಗಿರಬೇಕಿಲ್ಲ. ಅಮೆರಿಕದ ವಲಸೆ ನಿಯಮ ಕೇಳುವುದು ಅನುವಾದಕರ ಮಾತನ್ನು: ಈ ಅನುವಾದ ಪೂರ್ಣವಾಗಿದೆ, ಸರಿಯಾಗಿದೆ, ರಷ್ಯನ್‌ನಿಂದ ಇಂಗ್ಲಿಷಿಗೆ ತರಲು ನಾನು ಸಮರ್ಥ. ಇದರ ಕೆಳಗೆ ಹೆಸರು, ಸಹಿ, ವಿಳಾಸ, ತಾರೀಖು ಹಾಕಿದರೆ ಸಾಕು, ನೋಟರಿ ಬೇಡ. ರಷ್ಯದ ನೋಟರಿ ಹೇಳುವುದಾದರೋ ಬೇರೆ: ಈ ಸಹಿ ಇಂಥ ಅನುವಾದಕರದ್ದು, ಅಷ್ಟೇ. ಅನುವಾದ ಪೂರ್ಣವೇ ಎಂಬ ಪ್ರಶ್ನೆಗೆ ಆ ಸೀಲಿನಲ್ಲಿ ಉತ್ತರವಿಲ್ಲ. ನಮ್ಮೂರಲ್ಲೂ ಇದೇ ಚಾಳಿ. ಛಾಪಾ ಕಾಗದ, ನೋಟರಿ, ಗೆಜೆಟೆಡ್ ಅಧಿಕಾರಿಯ ಹಸಿರು ಶಾಯಿ ಇದ್ದರೆ ಒಳಗೆ ಏನು ಬರೆದಿದೆ ಎಂದು ಓದುವವರೇ ಇರುವುದಿಲ್ಲ. ಓದಿ ನೋಡುವ ಅಮೆರಿಕದ ಕ್ರಮವೇ ನನಗೆ ಮೇಲೆನಿಸುತ್ತದೆ.

‘ಪೂರ್ಣ’ ಎಂಬುದನ್ನು ಅಕ್ಷರಶಃ ತೆಗೆದುಕೊಳ್ಳಬೇಕು. ಮೂಲದ ಸಾಲುಗಳ ಕ್ರಮದಲ್ಲೇ ಅನುವಾದ ಸಾಗಬೇಕು. ಅಧಿಕಾರಿ ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದಕ್ಕೊಂದು ಹೊಂದಬೇಕು. ರಷ್ಯದ ಲಾಂಛನವನ್ನಾಗಲಿ ಸೀಲನ್ನಾಗಲಿ ಸ್ಕ್ಯಾನ್ ಮಾಡಿ ಅನುವಾದಕ್ಕೆ ಅಂಟಿಸಬಾರದು. ಅದು ಮೂಲವೇ ಎಂಬ ಭ್ರಮೆ ಹುಟ್ಟಿಸುತ್ತದೆ. ಸೀಲು ಇರುವ ಜಾಗದಲ್ಲೇ ಚೌಕ ಕಂಸ ಹಾಕಿ, ‘ದುಂಡು ಸೀಲು, ನಡುವೆ ರಾಷ್ಟ್ರ ಲಾಂಛನ’ ಎಂದು ಇಂಗ್ಲಿಷಿನಲ್ಲಿ ಬರೆದು, ಸುತ್ತಲಿನ ಅಕ್ಷರಗಳನ್ನು ಅನುವಾದಿಸಬೇಕು. ಅದರಲ್ಲಿ ಸಾಮಾನ್ಯವಾಗಿ ನೋಂದಣಿ ಕಚೇರಿಯಾದ ಝಾಗ್ಸ್‌ನ ಪೂರ್ತಿ ಹೆಸರೂ 13 ಅಂಕಿಯ ನೋಂದಣಿ ಸಂಖ್ಯೆಯೂ ಇರುತ್ತವೆ. ಶಾಯಿ ಮಾಸಿದ್ದರೆ ‘ಓದಲಾಗುತ್ತಿಲ್ಲ’ ಎಂದೇ ಬರೆಯಬೇಕು, ಊಹಿಸಿ ತುಂಬಬಾರದು. ಸಹಿಗೂ ಕಂಸ, ಖಾಲಿ ಬಿಟ್ಟ ಸಾಲಿಗೆ ಮೂಲದಲ್ಲಿದ್ದಂತೆ ಗೆರೆ. ಸೀಲಿನ ಜಾಗ ಎಂದು ಮುದ್ರಿಸಿದ ‘ಎಂ.ಪಿ.’ ಎಂಬ ಎರಡಕ್ಷರ, ತೀರಾ ಕೆಳಗೆ ಇರುವೆಗಾತ್ರದಲ್ಲಿರುವ ಮುದ್ರಣಾಲಯದ ಸಾಲು, ಇವೂ ಬಿಟ್ಟುಹೋಗಬಾರದು. ಹಾಳೆ ತಿರುವಿಯೂ ನೋಡಿ: ಮಗುವಿನ ಪೌರತ್ವದ ಮುದ್ರೆಯೋ, ದಾಖಲೆ ಹೊರದೇಶದಲ್ಲಿ ನಡೆಯಲೆಂದು ಸರ್ಕಾರ ಹಾಕಿಕೊಡುವ ದೃಢೀಕರಣವಾದ ಅಪೊಸ್ಟಿಲ್ಲೋ ಹಿಂಬದಿಯಲ್ಲಿರಬಹುದು. ಅಮೆರಿಕ ಅಪೊಸ್ಟಿಲ್ ಕೇಳುವುದಿಲ್ಲ, ಆದರೆ ಇದ್ದ ಮೇಲೆ ಅದರ ಅನುವಾದವೂ ಬೇಕು.

ತಾರೀಖಿನಲ್ಲಿ ಎಡವುವವರು ಬಹಳ. ರಷ್ಯದ 05.03.2016 ಮಾರ್ಚ್ 5. ಅಮೆರಿಕದ ಕಣ್ಣಿಗೆ ಅದು ಮೇ 3. ತಿಂಗಳನ್ನು ಅಕ್ಷರದಲ್ಲೇ ಬರೆದುಬಿಡಬೇಕು.

ನಮ್ಮವರಿಗೆ ನಿಜವಾಗಿ ಕಾಡುವುದು ಹೆಸರು. ರಷ್ಯನ್ನಿನಲ್ಲಿ ನಮ್ಮ ಹಕಾರವಿಲ್ಲ, ಹತ್ತಿರದ ಅಕ್ಷರ Х. ಹೆಗಡೆ ಎಂಬ ಕುಲನಾಮ ಜನನ ಪತ್ರದಲ್ಲಿ Хегде ಆಗಿರುತ್ತದೆ. ಅನುವಾದಕರು ಅದನ್ನು ರಷ್ಯದ ಪಾಸ್‌ಪೋರ್ಟ್ ಲಿಪ್ಯಂತರದಂತೆ ಇಂಗ್ಲಿಷಿಗೆ ತಂದರೆ Khegde. ಅಪ್ಪನ ಭಾರತೀಯ ಪಾಸ್‌ಪೋರ್ಟಿನಲ್ಲಿ Hegde. ಎರಡೂ ಒಂದೇ ಮನೆತನ ಎಂದು ಕಡತ ನೋಡುವವರಿಗೆ ಗೊತ್ತಾಗುವ ಬಗೆ ಹೇಗೆ? ಆದ್ದರಿಂದ ಅನುವಾದಕರ ಕೈಗೆ ಜನನ ಪತ್ರದ ಜೊತೆ ಮೂವರ ಪಾಸ್‌ಪೋರ್ಟ್ ಪ್ರತಿಯನ್ನೂ ಕೊಡಬೇಕು. ಅವರು ಪಾಸ್‌ಪೋರ್ಟಿನ ಕಾಗುಣಿತ ಬಳಸಿ, ಹಾಗೆ ಬಳಸಿದ್ದೇವೆಂದು ಕೆಳಗೆ ಒಂದು ಟಿಪ್ಪಣಿ ಹಾಕುತ್ತಾರೆ. ಮಗುವಿಗೆ ರಷ್ಯದ ಪಾಸ್‌ಪೋರ್ಟ್ ಇದ್ದು ಅದರಲ್ಲೇ Khegde ಎಂದಿದ್ದರೆ ಮಗುವಿನ ಹೆಸರು ಹಾಗೆಯೇ ಇರಲಿ, ಎರಡೂ ಮೂಲದಲ್ಲಿ ಒಂದೇ ಅಕ್ಷರಗಳೆಂದು ಟಿಪ್ಪಣಿ ಹೇಳಲಿ. ಆದರೆ ಮೂಲದಲ್ಲೇ ತಪ್ಪಿದ್ದರೆ, ಅಮ್ಮನ ಹೆಸರಿನಲ್ಲಿ ಒಂದಕ್ಷರ ಬಿಟ್ಟುಹೋಗಿದ್ದರೆ, ಅನುವಾದದಲ್ಲಿ ತಿದ್ದುವಂತಿಲ್ಲ. ಅದನ್ನು ಝಾಗ್ಸ್‌ನಲ್ಲೇ ಸರಿಪಡಿಸಬೇಕು.

ಊರನ್ನು ಇಷ್ಟು ದೂರಿದ ಮೇಲೆ ಎರಡು ಮಾತು ಒಪ್ಪಬೇಕಾಗುತ್ತದೆ. ಕರ್ನಾಟಕದ ಜನನ ಪ್ರಮಾಣಪತ್ರ ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರುತ್ತದೆ. ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಹುಟ್ಟಿದ ಮಗುವಿಗೆ ಈ ಪಾಡೇ ಇಲ್ಲ. ನೋಟರಿಯ ವಿಷಯದಲ್ಲೂ ನಮ್ಮವರದು ಬರೀ ಮೂಢನಂಬಿಕೆಯಲ್ಲ. ಇದೇ ಕಡತ ಕೆನಡಾಕ್ಕೆ ಹೋಗುವುದಾದರೆ, ಅನುವಾದಕರು ಅಲ್ಲಿನ ಮಾನ್ಯತೆ ಪಡೆದವರಲ್ಲದಿದ್ದಾಗ, ಪ್ರಮಾಣ ಬೋಧಿಸುವ ಅಧಿಕಾರಿಯ ಮುಂದೆ ಅಫಿಡವಿಟ್ ಮಾಡಲೇಬೇಕು. ಮನೆಯವರು ಯಾರೂ ಅನುವಾದಿಸುವಂತೆಯೂ ಇಲ್ಲ.